ಪಿರಮಿಡ್ ಕಟ್ಟಿದ್ದು ಹೇಗೆ? ಒಂದು ಕಲ್ಲಿನ ಬೆನ್ನು ಹತ್ತಿ ನೋಡೋಣ

ಪಿರಮಿಡ್ ವಿಷಯ ಬಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಅಷ್ಟು ಭಾರದ ಕಲ್ಲನ್ನು ಅಷ್ಟು ಮೇಲಕ್ಕೆ ಎತ್ತಿದ್ದು ಹೇಗೆ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಎತ್ತುವುದು ಈ ಕೆಲಸದ ಕೊನೆಯ ಹಂತ ಮಾತ್ರ. ಅದಕ್ಕಿಂತ ಮುಂಚೆ ಕಲ್ಲನ್ನು ಬಂಡೆಯಿಂದ ಬಿಡಿಸಬೇಕು, ನದಿ ದಾಟಿಸಬೇಕು, ದಿಬ್ಬ ಹತ್ತಿಸಬೇಕು. ಈ ಮೂರೂ ಹೇಗೆ ನಡೆದವು ಎಂಬುದಕ್ಕೆ ನಮ್ಮ ಹತ್ತಿರ ಊಹೆಗಿಂತ ಗಟ್ಟಿಯಾದ ಪುರಾವೆ ಇದೆ. ಒಂದು ಹಂತಕ್ಕಂತೂ ಆಗಿನ ಒಬ್ಬ ಮೇಸ್ತ್ರಿ ಬರೆದಿಟ್ಟ ದಿನಚರಿಯೇ ಸಿಕ್ಕಿದೆ.

ನಾನಿಲ್ಲಿ ಹೇಳುತ್ತಿರುವುದು ಗಿಜಾದ ಅತಿ ದೊಡ್ಡ ಪಿರಮಿಡ್ ಬಗ್ಗೆ. ಖುಫು ಎಂಬ ಈಜಿಪ್ಟಿನ ರಾಜನ ಸಮಾಧಿ ಅದು. ಈಗ್ಗೆ ಸುಮಾರು 4,600 ವರ್ಷ ಹಿಂದಿನ ಮಾತು. ಬುಡದಲ್ಲಿ ಒಂದೊಂದು ಬದಿ 230 ಮೀಟರ್, ಮೂಲ ಎತ್ತರ 146 ಮೀಟರ್, ಸುಮಾರು 23 ಲಕ್ಷ ಕಲ್ಲು, ಒಂದೊಂದು ಸರಾಸರಿ ಎರಡೂವರೆ ಟನ್. ಇಪ್ಪತ್ತು ವರ್ಷದಲ್ಲಿ ಮುಗಿಸಿದರು ಅಂತಿಟ್ಟುಕೊಂಡರೆ, ಒಂದು ದಿನವೂ ರಜೆ ಇಲ್ಲದೆ ದಿನಕ್ಕೆ 315 ಕಲ್ಲು ಕೂರಿಸಬೇಕು. ಹತ್ತು ಗಂಟೆ ಕೆಲಸ ಎಂದರೆ ಎರಡು ನಿಮಿಷಕ್ಕೊಂದು ಕಲ್ಲು! ಆದ್ದರಿಂದ ಒಂದು ಕಲ್ಲನ್ನು ಹೇಗೋ ಎತ್ತಿಬಿಡುವ ಉಪಾಯ ಗೊತ್ತಿದ್ದರೆ ಸಾಲದು. ಅದೇ ಕೆಲಸ ದಿನವಿಡೀ, ವರ್ಷಗಟ್ಟಲೆ, ನಿಲ್ಲದೆ ನಡೆಯಬೇಕು.

ಮೊದಲು ಕಲ್ಲು ಎಲ್ಲಿಂದ ಬಂತು ನೋಡೋಣ. ಎಲ್ಲ ಕಲ್ಲೂ ದೂರದಿಂದ ಬಂದಿದ್ದಲ್ಲ. ಹೆಚ್ಚಿನ ಪಾಲು ಪಿರಮಿಡ್ಡಿನ ದಕ್ಷಿಣಕ್ಕೆ, ಕೆಲವೇ ನೂರು ಮೀಟರ್ ದೂರದ ಕ್ವಾರಿಯಿಂದಲೇ ತೆಗೆದದ್ದು. ಆ ಹಳ್ಳ ಈಗಲೂ ಇದೆ. ಅಲ್ಲಿನದು ಸುಣ್ಣದಕಲ್ಲು. ಒಂದು ಪದರ ಗಟ್ಟಿ, ಅದರ ಕೆಳಗೆ ಒಂದು ಮೆತ್ತನೆ ಪದರ, ಹೀಗೆ ಒಂದರ ಮೇಲೊಂದು. ಕಲ್ಲುಕುಟಿಗರು ಬೇಕಾದ ಅಳತೆಯ ಸುತ್ತ ಒಬ್ಬ ಮನುಷ್ಯ ನಿಂತು ಕೆಲಸ ಮಾಡುವಷ್ಟು ಅಗಲದ ಕಾಲುವೆ ಕೊರೆಯುತ್ತಿದ್ದರು. ಗಟ್ಟಿ ಪದರ ಮುಗಿದು ಮೆತ್ತನೆ ಪದರ ಸಿಕ್ಕಿತು ಅಂದರೆ, ಅಡಿಗೆ ಮರದ ತೊಲೆ ಕೊಟ್ಟು ಮೀಟುತ್ತಿದ್ದರು. ಕಲ್ಲು ಅಲ್ಲಿಗೇ ಬಿಟ್ಟುಕೊಳ್ಳುತ್ತಿತ್ತು. ಅಂದರೆ ಕಲ್ಲಿನ ಒಂದು ಆಯಾಮವನ್ನು ಭೂಮಿಯೇ ಮೊದಲೇ ಕತ್ತರಿಸಿಟ್ಟಿತ್ತು. ಪಿರಮಿಡ್ಡಿನ ಬೇರೆ ಬೇರೆ ವರಸೆಗಳ, ಅಂದರೆ ಕಲ್ಲಿನ ಸಾಲುಗಳ ದಪ್ಪ ಬೇರೆ ಬೇರೆ ಇರುವುದಕ್ಕೆ ಇದೂ ಒಂದು ಕಾರಣ.

ಉಳಿ ತಾಮ್ರದ್ದು, ಕೊಡತಿ ಮರದ್ದು. ಕಬ್ಬಿಣ ಇಲ್ಲ. ತಾಮ್ರದಲ್ಲಿ ಕಲ್ಲು ಕೆತ್ತೋಕಾಗುತ್ತಾ ಅಂತ ಅನುಮಾನ ಬರುವುದು ಸಹಜ. ಸುಣ್ಣದಕಲ್ಲಿಗೆ ಆಗುತ್ತದೆ. ಆದರೆ ಉಳಿ ಬೇಗ ಮೊಂಡಾಗುತ್ತದೆ. ಮತ್ತೆ ಮತ್ತೆ ಬಡಿದು ಚೂಪು ಮಾಡಬೇಕು, ಸವೆದ ಮೇಲೆ ಕರಗಿಸಿ ಹೊಸದು ಎರಕ ಹೊಯ್ಯಬೇಕು. ಹಾಗಾಗಿ ಕಲ್ಲು ಒಡೆಯುವವರ ಹಿಂದೆ ಉಳಿ ಕಾಯಿಸುವವರು, ಅವರ ಹಿಂದೆ ಸೌದೆ ತರುವವರು, ಅವರ ಹಿಂದೆ ತಾಮ್ರ ತರುವವರು ಇರಲೇಬೇಕಿತ್ತು. ಈ ತಾಮ್ರದ ವಿಷಯಕ್ಕೆ ಮತ್ತೆ ಬರುತ್ತೇನೆ.

ಗ್ರಾನೈಟ್‌ನ ಕಥೆಯೇ ಬೇರೆ. ರಾಜನ ಕೋಣೆಗೆ ಬಳಸಿದ ಗ್ರಾನೈಟ್ ಬಂದದ್ದು ದಕ್ಷಿಣದ ಆಸ್ವಾನ್‌ನಿಂದ, ನದಿಯ ದಾರಿಯಲ್ಲಿ 800 ಕಿಲೋಮೀಟರ್‌ಗೂ ಜಾಸ್ತಿ ದೂರ. ಗ್ರಾನೈಟ್ ಮೇಲೆ ತಾಮ್ರದ ಉಳಿ ನಡೆಯುವುದಿಲ್ಲ, ಉಳಿಯೇ ಬಾಗುತ್ತದೆ. ಅದಕ್ಕೆ ಅವರು ಡಾಲರೈಟ್ ಎಂಬ ಇನ್ನೂ ಗಡುಸಾದ ಕರಿಗಲ್ಲಿನ ಗುಂಡುಗಳನ್ನು ಎರಡೂ ಕೈಯಲ್ಲಿ ಹಿಡಿದು ಕುಟ್ಟುತ್ತಿದ್ದರು. ಗ್ರಾನೈಟ್ ಸೀಳುವುದಿಲ್ಲ, ಪುಡಿಯಾಗಿ ಉದುರುತ್ತದೆ. 1920ರ ದಶಕದಲ್ಲಿ ರೆಜಿನಾಲ್ಡ್ ಎಂಗಲ್‌ಬಾಕ್ ಎಂಬ ಎಂಜಿನಿಯರ್ ಆಸ್ವಾನ್‌ನಲ್ಲಿ ತಾನೇ ಒಂದು ಗಂಟೆ ಕುಟ್ಟಿ ನೋಡಿದ. ಇಳಿದದ್ದು ಸುಮಾರು 5 ಮಿಲಿಮೀಟರ್! ಬೇಜಾರಿನ ಕೆಲಸ, ಆದರೆ ಆಗದ ಕೆಲಸವಲ್ಲ.

ಇಲ್ಲಿ ಒಂದು ತಪ್ಪು ಕಲ್ಪನೆ ತುಂಬಾ ಓಡಾಡುತ್ತದೆ. ಬಂಡೆಯಲ್ಲಿ ಸಾಲಾಗಿ ಗುಂಡಿ ತೋಡಿ, ಒಣ ಮರದ ಬೆಣೆ ಹೊಡೆದು, ನೀರು ಹಾಕಿದರೆ ಮರ ಉಬ್ಬಿ ಬಂಡೆ ಸೀಳುತ್ತದೆ ಅಂತ. ಹಂಪಿಗೆ ಹೋದವರು ಬಂಡೆಗಳ ಮೇಲೆ ಅಂಥ ಗುಂಡಿಗಳ ಸಾಲು ನೋಡಿರುತ್ತಾರೆ, ಹಾಗಾಗಿ ನಮಗೆ ಇದು ಬೇಗ ಒಪ್ಪಿಗೆಯಾಗುತ್ತದೆ. ಆದರೆ ವಿಜಯನಗರದ ಕಲ್ಲುಕುಟಿಗರ ಕೈಯಲ್ಲಿ ಕಬ್ಬಿಣದ ಉಳಿ ಇತ್ತು. ಗ್ರಾನೈಟ್‌ನಲ್ಲಿ ಅಷ್ಟು ಚೊಕ್ಕವಾದ ಗುಂಡಿ ತೋಡಲು ಅದು ಬೇಕೇ ಬೇಕು. ಆಸ್ವಾನ್‌ನಲ್ಲೂ ಅಂಥ ಗುಂಡಿಗಳಿವೆ, ಆದರೆ ಅವು ಕಬ್ಬಿಣ ಬಂದ ಮೇಲಿನವು, ಖುಫುವಿನ ಕಾಲಕ್ಕಿಂತ ಎರಡು ಸಾವಿರ ವರ್ಷ ಈಚಿನವು.

ಗ್ರಾನೈಟ್ ಕೊಯ್ಯಲು ಇನ್ನೊಂದು ದಾರಿಯಿತ್ತು. ತಾಮ್ರದ ಗರಗಸ, ಆದರೆ ಅದಕ್ಕೆ ಹಲ್ಲು ಬೇಡ. ಗೀರಿನೊಳಗೆ ಮರಳು ಸುರಿದು ತಾಮ್ರದ ಪಟ್ಟಿಯನ್ನು ಹಿಂದೆ ಮುಂದೆ ಎಳೆಯುತ್ತಾ ಹೋಗುವುದು. ಕಲ್ಲು ಕೊಯ್ಯುವುದು ಮರಳು, ತಾಮ್ರ ಅದನ್ನು ಒತ್ತಿ ಹಿಡಿಯುತ್ತದೆ ಅಷ್ಟೇ. ಡೆನಿಸ್ ಸ್ಟಾಕ್ಸ್ ಎಂಬ ಸಂಶೋಧಕ ಆಸ್ವಾನ್‌ನಲ್ಲೇ ಇದನ್ನು ಮಾಡಿ ತೋರಿಸಿದ್ದಾರೆ. ಖುಫುವಿನ ಗ್ರಾನೈಟ್ ಶವಪೆಟ್ಟಿಗೆ ಇಂದಿಗೂ ಪಿರಮಿಡ್ ಒಳಗಿದೆ, ಅದರ ಮೇಲೆ ಗರಗಸದ ಗೀರು ಕಾಣುತ್ತದೆ. 1880ರ ದಶಕದ ಆರಂಭದಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಪುರಾತತ್ವಜ್ಞ ಅಳತೆ ಮಾಡುವಾಗ ಇನ್ನೊಂದು ಸಂಗತಿ ಗಮನಿಸಿದ. ಒಂದು ಕಡೆ ಗರಗಸ ದಾರಿ ತಪ್ಪಿ ಕಲ್ಲಿನ ಒಳಕ್ಕೆ ಹೋಗಿದೆ, ಕೆಲಸದವರು ಅದನ್ನು ವಾಪಸ್ ತೆಗೆದು ಮತ್ತೆ ಸರಿಯಾದ ಗೆರೆಯಲ್ಲಿ ಶುರು ಮಾಡಿದ್ದಾರೆ. ರಾಜನ ಪೆಟ್ಟಿಗೆಯಲ್ಲೇ ಈ ಎಡವಟ್ಟು! ಅನ್ಯಗ್ರಹದವರು ಲೇಸರ್‌ನಿಂದ ಕೊಯ್ದರು ಎನ್ನುವವರಿಗೆ ನಾನು ತೋರಿಸುವುದು ಇದನ್ನೇ.

ಈಗ ಆ ದಿನಚರಿ. 2013ರಲ್ಲಿ ಪಿಯರ್ ಟ್ಯಾಲೆ ಎಂಬ ಫ್ರೆಂಚ್ ಪುರಾತತ್ವಜ್ಞರ ತಂಡಕ್ಕೆ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಪಪೈರಸ್ ಹಾಳೆಗಳ ಚೂರುಗಳು ಸಿಕ್ಕವು. ಬರಹ ಇರುವ ಪಪೈರಸ್‌ಗಳಲ್ಲಿ ಇದುವರೆಗೆ ಸಿಕ್ಕ ಅತ್ಯಂತ ಹಳೆಯವು ಇವು. ಖುಫುವಿನ ಆಳ್ವಿಕೆಯ ಕೊನೆಯ ಭಾಗದವು. ಇದರಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿ ಇತ್ತು. ಅವನ ಕೈಕೆಳಗೆ ಸುಮಾರು 40 ಜನ. ಅವರ ಕೆಲಸ ತೂರಾ ಎಂಬ ಕ್ವಾರಿಯಿಂದ ಬಿಳಿ ಸುಣ್ಣದಕಲ್ಲನ್ನು ದೋಣಿಯಲ್ಲಿ ಗಿಜಾಕ್ಕೆ ತರುವುದು. ಪಿರಮಿಡ್ಡಿನ ಹೊರಮೈಗೆ ಹೊದಿಸುವ ನಯವಾದ ಕಲ್ಲು ಅದು. ತೂರಾ ಇರುವುದು ನೈಲ್ ನದಿಯ ಪೂರ್ವ ದಂಡೆಯಲ್ಲಿ, ಗಿಜಾ ಪಶ್ಚಿಮದಲ್ಲಿ, ನಡುವೆ ಸುಮಾರು 15 ಕಿಲೋಮೀಟರ್.

ದಿನಚರಿ ಅಂದರೆ ಮನಸ್ಸಿನ ಮಾತು ಬರೆದದ್ದಲ್ಲ. ಹಾಜರಿ ಪುಸ್ತಕದ ಥರ, ಮೇಲೆ ದಿನಗಳ ಸಾಲು, ಕೆಳಗೆ ಆ ದಿನದ ಕೆಲಸ. ಒಂದು ತಿಂಗಳ ಕೊನೆಯ ದಿನಗಳು ಹೆಚ್ಚುಕಡಿಮೆ ಹೀಗಿವೆ: 25ನೇ ದಿನ ಮೆರೆರ್ ತನ್ನವರೊಂದಿಗೆ ದಕ್ಷಿಣ ತೂರಾದಲ್ಲಿ ಕಲ್ಲು ಎಳೆದ, ರಾತ್ರಿ ಅಲ್ಲೇ ಉಳಿದ. 26ರಂದು ಕಲ್ಲು ತುಂಬಿಕೊಂಡು ಹೊರಟು, ರಾತ್ರಿ ‘ಖುಫುವಿನ ಕೆರೆ’ ಎಂಬಲ್ಲಿ ತಂಗಿದ. 27ರಂದು ಅಲ್ಲಿಂದ ಪಿರಮಿಡ್ಡಿನ ಜಾಗ ಮುಟ್ಟಿ, ರಾತ್ರಿ ಅಲ್ಲೇ ಕಳೆದ. 28ರ ಬೆಳಿಗ್ಗೆ ಮತ್ತೆ ತೂರಾದ ಕಡೆ. 29ರಂದು ಮತ್ತೆ ಕಲ್ಲು ಎಳೆಯುವ ಕೆಲಸ. ಹತ್ತು ದಿನಕ್ಕೆ ಎರಡೋ ಮೂರೋ ಟ್ರಿಪ್. ದೋಣಿಗೆ ಒಮ್ಮೆಗೆ ಸುಮಾರು 30 ಕಲ್ಲು ಹಿಡಿಯುತ್ತಿತ್ತು, ಈ ಒಂದು ಗುಂಪೇ ತಿಂಗಳಿಗೆ 200ರ ಆಸುಪಾಸು ಕಲ್ಲು ತಂದಿರಬೇಕು ಎಂದು ಟ್ಯಾಲೆ ಅಂದಾಜು ಮಾಡುತ್ತಾರೆ.

ಇದರಲ್ಲಿ ನನಗೆ ಬಹಳ ಇಷ್ಟವಾಗುವುದು ಆ ‘ಖುಫುವಿನ ಕೆರೆ’. ಇವತ್ತು ಗಿಜಾದ ಫೋಟೋ ನೋಡಿದರೆ ಬರೀ ಮರಳು, ನದಿ ಎಲ್ಲೋ ಎಂಟು ಕಿಲೋಮೀಟರ್ ಆಚೆ. ಆಗ ಹಾಗಿರಲಿಲ್ಲ. ನೈಲ್‌ನ ಒಂದು ಕವಲು ಪಿರಮಿಡ್ ನಿಂತ ದಿಬ್ಬದ ಹತ್ತಿರವೇ ಹರಿಯುತ್ತಿತ್ತು. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಗಿಜಾದ ಹಳೇ ಹೂಳಿನೊಳಗೆ ಸಿಕ್ಕ ಪರಾಗದ ಕಣಗಳನ್ನು ನೋಡಿ, ಖುಫುವಿನ ಕಾಲದಲ್ಲಿ ಆ ಕವಲಿನಲ್ಲಿ ನೀರು ಚೆನ್ನಾಗಿತ್ತು ಎಂದು ತೋರಿಸಿದ್ದಾರೆ. ಕವಲಿನಿಂದ ಕಾಲುವೆ ತೋಡಿ, ದಿಬ್ಬದ ಬುಡದಲ್ಲಿ ದೊಡ್ಡ ಕೊಳ ಮಾಡಿದ್ದರು. ವರ್ಷಕ್ಕೊಮ್ಮೆ ಬೇಸಿಗೆಯ ಕೊನೆಯಲ್ಲಿ ನೈಲ್ ಉಕ್ಕುತ್ತಿತ್ತು. ಇಥಿಯೋಪಿಯಾದ ಮಳೆ ನೀರು ಅದು. ಆಗ ಹೊಲವೆಲ್ಲಾ ಮುಳುಗಿ ರೈತನಿಗೆ ಕೆಲಸ ಇರುತ್ತಿರಲಿಲ್ಲ, ಕಾಲುವೆ ತುಂಬಿ ತುಳುಕುತ್ತಿತ್ತು. ಭಾರದ ಕಲ್ಲು ಸಾಗಿಸಲು ಅದೇ ಒಳ್ಳೆ ಸಮಯ. ಮೆರೆರ್‌ನ ಟ್ರಿಪ್‌ಗಳೂ ಹೆಚ್ಚಾಗಿ ಆ ತಿಂಗಳುಗಳವೇ.

ಗಾಳಿಯೂ ಅವರ ಕಡೆಗಿತ್ತು. ನೈಲ್ ಹರಿಯುವುದು ದಕ್ಷಿಣದಿಂದ ಉತ್ತರಕ್ಕೆ, ಗಾಳಿ ಹೆಚ್ಚಾಗಿ ಬೀಸುವುದು ಉತ್ತರದಿಂದ ದಕ್ಷಿಣಕ್ಕೆ. ತೂರಾ ಗಿಜಾಕ್ಕಿಂತ ಸ್ವಲ್ಪ ದಕ್ಷಿಣಕ್ಕಿದೆ, ಹಾಗಾಗಿ ತುಂಬಿದ ದೋಣಿಗೆ ಹರಿವಿನ ಸಹಾಯ, ಖಾಲಿ ದೋಣಿಗೆ ಹಾಯಿ ಬಿಚ್ಚಿದರೆ ಗಾಳಿಯ ಸಹಾಯ. ಆಸ್ವಾನ್‌ನ ಗ್ರಾನೈಟ್‌ಗೂ ಇದೇ ಲೆಕ್ಕ, ದೂರ ಮಾತ್ರ ಜಾಸ್ತಿ. ಚಕ್ರದ ಗಾಡಿ ಇಲ್ಲದ್ದು ಯಾಕೆ ಅವರಿಗೆ ದೊಡ್ಡ ಕೊರತೆ ಆಗಲಿಲ್ಲ ಅನ್ನುವುದು ಇಲ್ಲಿಗೆ ಅರ್ಥವಾಗುತ್ತದೆ ಅಲ್ವಾ? ದೂರದ ದಾರಿಯೆಲ್ಲಾ ನೀರಿನ ಮೇಲೇ ಮುಗಿಯುತ್ತಿತ್ತು. ಉಳಿದ ನೂರಾರು ಮೀಟರ್ ಮರಳು, ಮಣ್ಣಿನ ದಾರಿಯಲ್ಲಿ ಎರಡೂವರೆ ಟನ್ ಹೊತ್ತ ಮರದ ಚಕ್ರ ಹೂತುಹೋಗುತ್ತಿತ್ತು, ಇಲ್ಲಾ ಅಚ್ಚು ಮುರಿಯುತ್ತಿತ್ತು.

ಆ ನೂರಾರು ಮೀಟರ್‌ಗೆ ಇದ್ದದ್ದು ಜಾರುಬಂಡಿ. ಎರಡು ಉದ್ದನೆಯ ಮರದ ದಿಮ್ಮಿ, ಮುಂದಿನ ತುದಿ ಸ್ವಲ್ಪ ಮೇಲಕ್ಕೆ ಬಾಗಿದ್ದು, ನಡುವೆ ಅಡ್ಡ ಪಟ್ಟಿಗಳು. ಮೇಲೆ ಕಲ್ಲು ಕಟ್ಟಿ ಮಿಣಿ ಹಾಕಿ ಎಳೆಯುವುದು. ಇದರ ಚಿತ್ರ ಇದೆ. ಖುಫುವಿಗಿಂತ ಸುಮಾರು 700 ವರ್ಷ ಈಚಿನ ಜೆಹುತಿಹೊಟೆಪ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯಲ್ಲಿ, ಜಾರುಬಂಡಿಯ ಮೇಲೆ ಕೂತ ಭಾರೀ ಪ್ರತಿಮೆಯನ್ನು ನಾಲ್ಕು ಸಾಲಿನಲ್ಲಿ 172 ಜನ ಎಳೆಯುತ್ತಿದ್ದಾರೆ. ಪ್ರತಿಮೆಯ ಪಾದದ ಹತ್ತಿರ, ಜಾರುಬಂಡಿಯ ಮುಂತುದಿಯಲ್ಲಿ ನಿಂತ ಒಬ್ಬ ಗಡಿಗೆಯಿಂದ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಬಹಳ ಕಾಲ ಇದನ್ನು ಪೂಜೆಯ ಭಾಗ ಎಂದುಕೊಂಡವರೂ ಇದ್ದರು.

2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಚಿಕ್ಕ ಜಾರುಬಂಡಿಯೊಂದನ್ನು ಮರಳಿನ ಮೇಲೆ ಎಳೆದು ಅಳೆದರು. ಒಣ ಮರಳಾದರೆ ಜಾರುಬಂಡಿಯ ಮುಂದೆ ಮರಳಿನ ಗುಡ್ಡೆ ಏಳುತ್ತದೆ, ಅದನ್ನೂ ತಳ್ಳಿಕೊಂಡೇ ಹೋಗಬೇಕು. ಮರಳಿಗೆ ಸ್ವಲ್ಪ ನೀರು ಹಾಕಿದರೆ, ಅಂದರೆ ಶೇಕಡಾ 2ರಿಂದ 5ರಷ್ಟು, ಕಣಗಳ ನಡುವೆ ನೀರಿನ ಸಣ್ಣ ಸೇತುವೆಗಳಾಗಿ ಮರಳು ಗಟ್ಟಿಯಾಗುತ್ತದೆ. ಕಡಲ ತೀರದಲ್ಲಿ ಅಲೆ ಬಂದು ಹೋದ ಜಾಗದಲ್ಲಿ ನಡೆದರೆ ಕಾಲು ಹೂಳುವುದಿಲ್ಲವಲ್ಲ, ಹಾಗೆ. ಎಳೆಯಲು ಬೇಕಾದ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ನೀರು ಮಿತಿಮೀರಿದರೆ ಮಾತ್ರ ಮರಳು ಮತ್ತೆ ಸಡಿಲವಾಗಿ ಎಳೆಯುವುದು ಕಷ್ಟವಾಗುತ್ತದೆ. ಹಾಗಾಗಿ ಆ ಗಡಿಗೆಯವನ ಕೆಲಸ ಸುಮ್ನೆ ನೀರು ಸುರಿಯುವುದಲ್ಲ, ಎಷ್ಟು ಸುರಿಯಬೇಕು ಎಂಬ ಹದ ಗೊತ್ತಿರಬೇಕು.

ಇದನ್ನು ನಮ್ಮ ಎರಡೂವರೆ ಟನ್ ಕಲ್ಲಿಗೆ ಹಾಕಿ ನೋಡೋಣ. ಲೆಕ್ಕ ಒರಟು, ಆದರೆ ಅಂದಾಜು ಸಿಗುತ್ತದೆ. ಒಣ ಮರಳಿನಲ್ಲಿ ಘರ್ಷಣೆ ತೂಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಂದರೆ ಸುಮಾರು 1,400 ಕೆಜಿ ತೂಕಕ್ಕೆ ಸಮನಾದ ಎಳೆತ ಬೇಕು. ಹದವಾಗಿ ಒದ್ದೆ ಮಾಡಿದರೆ 750 ಸಾಕು. ಒಬ್ಬೊಬ್ಬ 40 ಕೆಜಿಯಷ್ಟು ಎಳೆಯುತ್ತಾನೆ ಎಂದರೆ ಒಣ ದಾರಿಗೆ 35 ಜನ, ಒದ್ದೆ ದಾರಿಗೆ 19 ಜನ. ಹತ್ತು ಮೀಟರ್‌ಗೆ ಒಂದು ಮೀಟರ್ ಏರುವ ದಾರಿಯಾದರೆ ಇನ್ನೂ 250 ಕೆಜಿ ಸೇರುತ್ತದೆ, ಆಗ 25 ಜನ. ಒಂದು ಕಲ್ಲಿಗೆ ನೂರಾರು ಜನ ಬೇಕಿಲ್ಲ. ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು ಚಿಕ್ಕ ಗುಂಪುಗಳು ಬರುತ್ತಾ ಇದ್ದರೆ ಎರಡು ನಿಮಿಷಕ್ಕೊಂದು ಕಲ್ಲು ಎನ್ನುವುದು ಅಷ್ಟು ಅಸಾಧ್ಯವಾಗಿ ಕಾಣುವುದಿಲ್ಲ.

ಸರಿ, ಈಗ ಎತ್ತುವ ವಿಷಯ. ಕೊಳದಿಂದ ದಿಬ್ಬದ ತಲೆಗೆ ಸುಮಾರು 40 ಮೀಟರ್ ಏರು. ಅಲ್ಲಿಂದ ಪಿರಮಿಡ್ ಶುರು. ರಾಟೆ ಇಲ್ಲ. ಇದ್ದದ್ದು ಏರುದಾರಿ, ಅಂದರೆ ಕಲ್ಲುಚೂರು, ಮಣ್ಣು, ಜಿಪ್ಸಂ ತುಂಬಿ ಮಾಡಿದ ಇಳಿಜಾರು. ಇಂಥ ಏರುದಾರಿಗಳ ಅವಶೇಷ ಬೇರೆ ಬೇರೆ ಕಡೆ ಸಿಕ್ಕಿವೆ. ಒಂದೇ ನೇರ ಏರುದಾರಿ ಹಾಕಿ ತುದಿಯವರೆಗೆ ಹೋದರು ಅಂತ ಕೆಲವರು ಹೇಳುತ್ತಾರೆ. ಹತ್ತಕ್ಕೆ ಒಂದರ ಏರಿನಲ್ಲಿ 146 ಮೀಟರ್ ಮುಟ್ಟಬೇಕಾದರೆ ಅದು ಸುಮಾರು ಒಂದೂವರೆ ಕಿಲೋಮೀಟರ್ ಉದ್ದ ಆಗಬೇಕು, ಅದಕ್ಕೆ ಸುರಿಯುವ ಮಣ್ಣು ಪಿರಮಿಡ್ಡಿನಷ್ಟೇ ಆದೀತು. ದಿಬ್ಬದ ಮೇಲೆ ಅಷ್ಟು ಜಾಗವೂ ಇಲ್ಲ.

ಆದರೆ ಪಿರಮಿಡ್ ಆಕಾರವನ್ನೇ ಒಮ್ಮೆ ಸರಿಯಾಗಿ ನೋಡಿ. ಮೇಲೆ ಹೋದಂತೆ ಕಿರಿದಾಗುತ್ತದೆ. ಮೂರನೇ ಒಂದು ಭಾಗ ಎತ್ತರದಲ್ಲಿ, ಅಂದರೆ 49 ಮೀಟರ್‌ನಲ್ಲಿ ಅಡ್ಡಲಾಗಿ ಕತ್ತರಿಸಿದರೆ ಮೇಲೆ ಉಳಿಯುವ ಚಿಕ್ಕ ಪಿರಮಿಡ್ಡಿನ ಎಲ್ಲ ಅಳತೆಯೂ ಮೂರನೇ ಎರಡು. ಘನ ಅಳತೆಗೆ ಆ ಮೂರನೇ ಎರಡನ್ನೇ ಮೂರು ಸಲ ಗುಣಿಸಿದರೆ 27ರಲ್ಲಿ 8 ಪಾಲು. ಅಂದರೆ ಒಟ್ಟು ಕಲ್ಲಿನ ಶೇಕಡಾ 70 ಕೆಳಗಿನ ಮೂರನೇ ಒಂದು ಎತ್ತರದೊಳಗೇ ಮುಗಿದುಹೋಗಿದೆ! ಅರ್ಧ ಎತ್ತರಕ್ಕೆ ಬರುವಷ್ಟರಲ್ಲಿ ಶೇಕಡಾ 87. ಮೇಲಿನ ಮೂರನೇ ಒಂದು ಎತ್ತರಕ್ಕೆ ಉಳಿದದ್ದು ಬರೀ ಶೇಕಡಾ 4. ಕಲ್ಲಿನ ವರಸೆಗಳೂ ಮೇಲೆ ಹೋದಂತೆ ಒಟ್ಟಾರೆ ತೆಳುವಾಗುತ್ತವೆ. ಬುಡದ ವರಸೆ ಸುಮಾರು ಒಂದೂವರೆ ಮೀಟರ್ ದಪ್ಪವಿದ್ದರೆ, ತುದಿಯ ಹತ್ತಿರದವು ಅರ್ಧ ಮೀಟರ್‌ನ ಆಸುಪಾಸು. ಹಾಗಾಗಿ ಎತ್ತರದ ತೊಂದರೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕದು.

ಕ್ವಾರಿಯ ಕಡೆಯಿಂದ ಕೆಲವು ನೂರು ಮೀಟರ್ ಉದ್ದದ ಏರುದಾರಿ ಇದ್ದರೆ ಆ ಶೇಕಡಾ 70 ಕೆಲಸ ಮುಗಿಯುತ್ತದೆ. ಅಷ್ಟಕ್ಕೆ ಹೆಚ್ಚಿನ ತಜ್ಞರ ತಕರಾರಿಲ್ಲ. ಜಗಳವೆಲ್ಲಾ ಅದರ ಮೇಲಿನ ಭಾಗಕ್ಕೆ. ಗೋಡೆಗೆ ಅಂಟಿಕೊಂಡು ಸುತ್ತಿಕೊಂಡು ಹೋಗುವ ದಾರಿ ಇತ್ತು ಎಂದು ಕೆಲವರು, ಮೆಟ್ಟಿಲಿಂದ ಮೆಟ್ಟಿಲಿಗೆ ಸನ್ನೆಕೋಲಿನಿಂದ ಮೀಟಿ ಏರಿಸಿದರು ಎಂದು ಇನ್ನು ಕೆಲವರು. ಸುತ್ತುದಾರಿಯ ತೊಂದರೆ ಮೂಲೆ ತಿರುಗಿಸುವುದು. ಸನ್ನೆಕೋಲಿನ ತೊಂದರೆ ನಿಧಾನ ಮತ್ತು ಅಪಾಯ, ಕಲ್ಲು ಒಮ್ಮೆ ವಾಲಿದರೆ ಹಿಡಿಯುವವರಿಲ್ಲ. ನನಗೆ ಅನ್ನಿಸುವುದು, ಕೆಳಗೆ ನೇರ ದಾರಿ, ಮೇಲೆ ಸುತ್ತುದಾರಿ, ತುದಿಯಲ್ಲಿ ಸನ್ನೆಕೋಲು ಹೀಗೆ ಬೆರೆಸಿಯೇ ಮಾಡಿರಬೇಕು. ಕಟ್ಟುವವರು ಯಾವತ್ತೂ ಒಂದೇ ವಿಧಾನಕ್ಕೆ ಜೋತುಬೀಳುವುದಿಲ್ಲ.

ಈ ಜಗಳಕ್ಕೆ 2018ರಲ್ಲಿ ಒಂದು ಹೊಸ ಸಾಕ್ಷಿ ಸೇರಿತು. ಈಜಿಪ್ಟಿನ ಹತ್ನುಬ್ ಎಂಬಲ್ಲಿನ ಅಲಬಾಸ್ಟರ್ ಕಲ್ಲಿನ ಕ್ವಾರಿಯಲ್ಲಿ ಫ್ರೆಂಚ್ ಮತ್ತು ಬ್ರಿಟಿಷ್ ತಂಡ ಒಂದು ಏರುದಾರಿ ಪತ್ತೆ ಮಾಡಿತು. ಖುಫುವಿನ ಕಾಲದ್ದು. ಹತ್ತಕ್ಕೆ ಎರಡಕ್ಕಿಂತ ಜಾಸ್ತಿ ಏರು, ಅಂದರೆ ಎಲ್ಲರೂ ಅಂದುಕೊಂಡದ್ದರ ಇಮ್ಮಡಿ. ದಾರಿಯ ಎರಡೂ ಬದಿಗೆ ಮೆಟ್ಟಿಲು, ಮೆಟ್ಟಿಲ ಪಕ್ಕ ದಪ್ಪ ಕಂಬ ನೆಟ್ಟ ಗುಂಡಿಗಳು. ಕಂಬಕ್ಕೆ ಹಗ್ಗ ಸುತ್ತಿದರೆ ಎಳೆಯುವವರೆಲ್ಲಾ ಕಲ್ಲಿನ ಮುಂದೆಯೇ ಇರಬೇಕಿಲ್ಲ, ಕೆಲವರು ಕೆಳಮುಖವಾಗಿ ಎಳೆದರೂ ಕಲ್ಲು ಮೇಲೇರುತ್ತದೆ, ಮತ್ತು ಉಸಿರು ತೆಗೆದುಕೊಳ್ಳಲು ನಿಂತಾಗ ಕಲ್ಲು ಹಿಂದಕ್ಕೆ ಜಾರುವುದಿಲ್ಲ. ಕಂಬ ತಿರುಗುವುದಿಲ್ಲ, ಹಾಗಾಗಿ ಇದು ರಾಟೆಯಲ್ಲ. ಆದರೆ ರಾಟೆ ಮಾಡುವ ಅರ್ಧ ಕೆಲಸವನ್ನು ಮಾಡುತ್ತದೆ. ಏರು ಇಮ್ಮಡಿಯಾದರೆ ದಾರಿಯ ಉದ್ದ ಅರ್ಧ, ಸುರಿಯಬೇಕಾದ ಮಣ್ಣೂ ಅದಕ್ಕೆ ತಕ್ಕಂತೆ ಕಡಿಮೆ. ಇದೇ ವ್ಯವಸ್ಥೆ ಗಿಜಾದಲ್ಲೂ ಇತ್ತು ಎನ್ನಲು ಪುರಾವೆ ಸಿಕ್ಕಿಲ್ಲ, ಆದರೆ ಆ ಕಾಲದವರಿಗೆ ಇದು ಗೊತ್ತಿತ್ತು ಎಂಬುದರಲ್ಲಿ ಸಂಶಯವಿಲ್ಲ.

ರಾಜನ ಕೋಣೆಯ ಛಾವಣಿಯ ಗ್ರಾನೈಟ್ ತೊಲೆಗಳಿಗೆ ಮಾತ್ರ ಮೇಲಿನ ನನ್ನ 25 ಜನರ ಲೆಕ್ಕ ನಡೆಯುವುದಿಲ್ಲ. ಒಂಬತ್ತು ತೊಲೆ, ಒಂದೊಂದು 25ರಿಂದ 40 ಟನ್ ಮೇಲೆ. ಅವಕ್ಕೆ ನೂರಾರು ಜನ ಬೇಕು. ಆದರೆ ಆ ಕೋಣೆಯ ನೆಲ ಇರುವುದು 43 ಮೀಟರ್‌ನಲ್ಲಿ. ಆಗ ಪಿರಮಿಡ್ ಮೇಲ್ಭಾಗ ಇನ್ನೂ ಬದಿಗೆ ನೂರೈವತ್ತು ಮೀಟರ್‌ಗಿಂತ ಅಗಲದ ಸಮತಟ್ಟು ಮೈದಾನ. ನೂರಾರು ಜನ ನಿಂತು ಎಳೆಯಲು ಜಾಗಕ್ಕೆ ಬರ ಇರಲಿಲ್ಲ.

ತಾಮ್ರದ ವಿಷಯಕ್ಕೆ ಮತ್ತೆ ಬರುತ್ತೇನೆ ಅಂದಿದ್ದೆ. ಮೆರೆರ್‌ನ ದಿನಚರಿ ನೈಲ್ ದಂಡೆಯಲ್ಲಿ ಸಿಗದೆ ಕೆಂಪು ಸಮುದ್ರದ ತೀರದಲ್ಲಿ ಯಾಕೆ ಸಿಕ್ಕಿತು? ವಾದಿ ಅಲ್-ಜರ್ಫ್ ಒಂದು ಬಂದರು. ಎದುರಿಗೆ ಸಿನಾಯ್, ಅಲ್ಲಿ ತಾಮ್ರದ ಗಣಿ. ದೋಣಿಗಳನ್ನು ಬಿಡಿಭಾಗ ಮಾಡಿ ಮರುಭೂಮಿ ದಾಟಿಸಿ, ತೀರದಲ್ಲಿ ಜೋಡಿಸಿ ಸಮುದ್ರಕ್ಕಿಳಿಸುತ್ತಿದ್ದರು. ಆಗಿನ ದೋಣಿಗಳ ಹಲಗೆಗಳನ್ನು ಹಗ್ಗದಲ್ಲಿ ಹೊಲಿಯುತ್ತಿದ್ದರು, ಮೊಳೆಯಿಲ್ಲ, ಹಾಗಾಗಿ ಬಿಚ್ಚುವುದು ಜೋಡಿಸುವುದು ಸುಲಭ. ಬಳಸದಾಗ ದೋಣಿಯ ಭಾಗಗಳನ್ನು ಬೆಟ್ಟದಲ್ಲಿ ಕೊರೆದ ಸುಮಾರು 30 ಉದ್ದನೆಯ ಗುಹೆಗಳಲ್ಲಿಟ್ಟು, ದೊಡ್ಡ ಕಲ್ಲಿನಿಂದ ಬಾಯಿ ಮುಚ್ಚುತ್ತಿದ್ದರು. ಹಾಳೆಗಳು ಸಿಕ್ಕಿದ್ದು ಅಂಥ ಒಂದು ಗುಹೆಯ ಬಾಯಿಯ ಹತ್ತಿರ. ಅಂದರೆ ನೈಲ್ ಉಕ್ಕಿದಾಗ ಕಲ್ಲು ಸಾಗಿಸಿದ ಗುಂಪೇ ಮುಂದೆ ಸಮುದ್ರ ತೀರಕ್ಕೂ ಹೋಗಿತ್ತು. ಬೇರೆ ಬೇರೆ ಕೆಲಸಕ್ಕೆ ಕಳಿಸಬಹುದಾದ, ಪಳಗಿದ, ಸರಕಾರ ಊಟ ಹಾಕುವ ಪಡೆ ಇದು. ಚಾಟಿ ಏಟು ತಿನ್ನುತ್ತಾ ಕಲ್ಲು ಹೊರುವ ಗುಲಾಮರ ಚಿತ್ರಕ್ಕೆ ಇದು ಹೊಂದುವುದಿಲ್ಲ. ಗಿಜಾದಲ್ಲಿ ಸಿಕ್ಕ ಕೆಲಸಗಾರರ ಸಮಾಧಿಗಳಲ್ಲೂ ಮೂಳೆ ಮುರಿದು ಸರಿಯಾಗಿ ಕೂಡಿಕೊಂಡ ಅಸ್ಥಿಗಳಿವೆ, ಅಂದರೆ ಪೆಟ್ಟಾದವರಿಗೆ ಚಿಕಿತ್ಸೆ ಸಿಗುತ್ತಿತ್ತು. ಸುಖದ ಕೆಲಸವಂತೂ ಆಗಿರಲಿಲ್ಲ, ಅದೇ ಅಸ್ಥಿಗಳ ಬೆನ್ನುಮೂಳೆಯ ಸವೆತ ಅದನ್ನೂ ಹೇಳುತ್ತದೆ.

ಮೆರೆರ್ ಬರೆದದ್ದು ಸಾಗಣೆಯ ಬಗ್ಗೆ ಮಾತ್ರ. ಎತ್ತುವ ಗುಂಪಿನ ದಿನಚರಿ ಸಿಕ್ಕಿದ್ದರೆ ಏರುದಾರಿಯ ಜಗಳ ಅಂದೇ ಮುಗಿಯುತ್ತಿತ್ತು. ಕಟ್ಟಡದ ಮೇಲಾದರೂ ಗುರುತು ಇರಬೇಕಿತ್ತಲ್ಲ ಎಂದರೆ, ಹೊರಗಿನ ಬಿಳಿ ಕಲ್ಲು ಈಗ ಬುಡದ ಕೆಲವು ತುಂಡು ಬಿಟ್ಟರೆ ಇಲ್ಲ. ಮಧ್ಯಯುಗದಲ್ಲಿ ಅದನ್ನು ಕಿತ್ತು ಕೈರೋದ ಕಟ್ಟಡಗಳಿಗೆ ಬಳಸಿಕೊಂಡರು. ಇದ್ದಿದ್ದರೂ ಮೇಲಿಂದ ಕೆಳಕ್ಕೆ ನಯ ಮಾಡುತ್ತಾ ಬರುವಾಗ ಕಟ್ಟಿದವರೇ ಗುರುತು ಅಳಿಸಿರುತ್ತಿದ್ದರು. ಆದರೆ ಅಲ್ಲೇ ಪಕ್ಕದಲ್ಲಿ ಮೆಂಕೌರೆ ರಾಜನ ಚಿಕ್ಕ ಪಿರಮಿಡ್ ಇದೆ. ಅದರ ಕೆಳಗಿನ ವರಸೆಗಳ ಗ್ರಾನೈಟ್ ಹೊದಿಕೆಯನ್ನು ಪೂರ್ತಿ ನಯ ಮಾಡದೆ ಬಿಟ್ಟಿದ್ದಾರೆ. ಕಲ್ಲನ್ನು ಮೀಟಲು ಹಿಡಿತಕ್ಕೆಂದು ಬಿಟ್ಟ ಉಬ್ಬುಗಳು ಹಾಗೇ ಇವೆ. ಗಿಜಾಕ್ಕೆ ಹೋಗುವ ಅವಕಾಶ ಸಿಕ್ಕರೆ ದೊಡ್ಡದರ ಮುಂದೆ ಫೋಟೋ ತೆಗೆದಾದ ಮೇಲೆ ಈ ಚಿಕ್ಕದರ ಉತ್ತರದ ಬದಿಗೂ ಹೋಗಿ, ಬಾಗಿಲ ಅಕ್ಕಪಕ್ಕದ ಕಲ್ಲುಗಳನ್ನು ನೋಡಿ. ಬಾಗಿಲ ಸುತ್ತ ನಯ ಮಾಡಿದ ಕಲ್ಲು ಎಲ್ಲಿ ಮುಗಿದು ಒರಟು ಕಲ್ಲು ಎಲ್ಲಿ ಶುರುವಾಗುತ್ತದೆ ಅನ್ನುವುದು ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ.